ಒಂದೇ ಬಿಲ್, ಎರಡು ಪಾವತಿ: ಯಶಸ್ವಿಯೋ ವಿಫಲವೋ ಹೇಳಿಬಿಡಿ

ಕುಲಶೇಖರ, ಮಂಗಳೂರು
ಜೂನ್ 25

ಪಾವತಿ ಸೇವಾ ಸಂಸ್ಥೆಯ ಗ್ರಾಹಕ ವಿಭಾಗದ ಮಾನ್ಯರಿಗೆ,

ಪಡೀಲ್–ಕುಲಶೇಖರದ ನಡುವೆ ರೈಲು ಹಳಿ ಜೋಡಿಯಾಗಲೆಂದು ಈ ಕಡೆಯವರು ವರ್ಷಗಟ್ಟಲೆ ಕಾದದ್ದುಂಟು. ಮಿಕ್ಸಿಯ ಬಿಲ್ಲೂ ಜೋಡಿಯಾಗಲಿ ಎಂದು ಮಾತ್ರ ಇಲ್ಲಿ ಯಾರೂ ಮನವಿ ಕೊಟ್ಟಿರಲಿಲ್ಲ. ಕೇಳದೆಯೇ ದಯಪಾಲಿಸಿದ್ದೀರಿ, ಆದ್ದರಿಂದ ಲೆಕ್ಕ ಒಪ್ಪಿಸುತ್ತೇನೆ. ಬಿಲ್ ಸಂಖ್ಯೆ 2417, ಮೊತ್ತ ₹2,360, ತಾರೀಕು ಜೂನ್ 14. ಸಂಜೆ 7 ಗಂಟೆ 41 ನಿಮಿಷಕ್ಕೆ ಯುಪಿಐ ಮೂಲಕ ಮೊದಲ ಪಾವತಿ. ಅದರ ಯುಟಿಆರ್ ಸಂಖ್ಯೆಯ ಕೊನೆಯ ಅಂಕಿಗಳು 4471. ನಿಮ್ಮ ಪುಟ ‘ಪಾವತಿ ವಿಫಲ, ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು. 7 ಗಂಟೆ 43 ನಿಮಿಷಕ್ಕೆ ಎರಡನೆಯದು, ಕೊನೆಯ ಅಂಕಿಗಳು 9026. ಇದು ಯಶಸ್ವಿ ಎಂದಿತು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಎರಡೂ ಕಡಿತವಾಗಿವೆ, ಯಾವುದೂ ಹಿಂದಿರುಗಿಲ್ಲ. ‘ವಿಫಲ’ ಎಂದ ಪುಟದ ಚಿತ್ರ, ಸ್ಟೇಟ್‌ಮೆಂಟ್‌ನ ಆ ದಿನದ ಹಾಳೆ, ಅಂಗಡಿಯ ರಸೀದಿ ಎಲ್ಲವನ್ನೂ ಲಗತ್ತಿಸಿದ್ದೇನೆ. ಯುಪಿಐ ಪಿನ್ ಒಂದನ್ನು ಲಗತ್ತಿಸಿಲ್ಲ. ಹಣ ಹಿಂದಿರುಗಿಸುವವರಿಗೆ ಅದು ಬೇಕಾಗುವುದೂ ಇಲ್ಲ.

ನಿಮ್ಮ ಮೊದಲ ಉತ್ತರ, ಎರಡೂ ವಹಿವಾಟು ಯಶಸ್ವಿಯಾಗಿವೆ, ಎರಡು ಬೇರೆ ಖರೀದಿ ಇರಬಹುದು ಎಂಬುದು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಒಂದೇ ಮೊತ್ತ ಎರಡು ನಿಮಿಷದೊಳಗೆ ಎರಡು ಸಲ ಹೋದದ್ದಷ್ಟೇ ತಪ್ಪಿಗೆ ಸಾಕ್ಷಿಯಾಗದು. ಹೋಟೆಲಿನಲ್ಲಿ ಒಂದು ಚಹಾಕ್ಕೆ ಹಣ ಕೊಟ್ಟವನು ಕೂಡಲೇ ಗೆಳೆಯನ ಚಹಾಕ್ಕೂ ಕೊಟ್ಟಾನು. ಬ್ಯಾಂಕಿಗೆ ಕಾಣುವುದು ಎರಡು ಬೇರೆ ಯುಟಿಆರ್ ಮಾತ್ರ, ಹಾಗಾಗಿ ಅದು ತಾನಾಗಿ ಅನುಮಾನಪಡದಿರುವುದು ಸರಿಯೇ. ನಿಜ ಹೇಳುವುದು ಆರ್ಡರ್ ಸಂಖ್ಯೆ. ಅದು ನಿಮ್ಮ ದಾಖಲೆಯಲ್ಲೇ ಇದೆ, ಎರಡೂ ಪಾವತಿಗಳಿಗೆ ಅದು ಒಂದೇ. ಒಂದು ಆರ್ಡರಿಗೆ ಎರಡು ಪಾವತಿ ಅಂಟಿಕೊಂಡಿದ್ದರೆ ಒಂದು ಹೆಚ್ಚಿನದು ಎಂದು ಕಂಡುಕೊಳ್ಳಲು ಲೆಕ್ಕಪರಿಶೋಧಕರು ಬೇಕಿಲ್ಲ. ಮೊದಲನೆಯದರ ಒಪ್ಪಿಗೆ ಬ್ಯಾಂಕಿನಿಂದ ತಡವಾಗಿ ಬಂತು, ಅಷ್ಟರಲ್ಲಿ ನಿಮ್ಮ ಪುಟ ಅವಸರದಿಂದ ಅದನ್ನು ಸತ್ತದ್ದೆಂದು ಘೋಷಿಸಿತ್ತು. ನಡೆದಿರುವುದು ಬಹುಶಃ ಇಷ್ಟೇ. ಗ್ರಾಹಕ ಎರಡು ಸಲ ಒತ್ತಿದ ಎಂಬ ಆರೋಪವಿದ್ದರೆ, ಒತ್ತು ಎಂದವರು ಯಾರು ಎಂಬುದಕ್ಕೆ ಆ ಪುಟದ ಚಿತ್ರವನ್ನೇ ನೋಡಬಹುದು.

ಎರಡನೆಯ ಉತ್ತರ, ಅಂಗಡಿಯವರನ್ನು ಕೇಳಿ ಎಂಬುದು. ಕೇಳಲಾಗಿದೆ. ಅವರು ಕೊಟ್ಟ ಸೆಟ್ಲ್‌ಮೆಂಟ್ ವರದಿಯಲ್ಲಿ ಬಿಲ್ 2417ಕ್ಕೆ ಬಂದಿರುವುದು ಒಂದೇ ₹2,360. ಅದರ ಎದುರಿಗಿರುವುದು 9026 ಅಂಕಿಯ ಯುಟಿಆರ್. 4471ರ ಹಣ ನನ್ನ ಬ್ಯಾಂಕಿನಿಂದ ಹೊರಟಿದೆ, ಅಂಗಡಿಗೆ ತಲುಪಿಲ್ಲ. ನಡುವೆ ಇರುವವರು ತಾವೊಬ್ಬರೇ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪಾವತಿ ಸಂಗ್ರಾಹಕರು ವ್ಯಾಪಾರಿಗಳ ಹಣವನ್ನು ಎಸ್ಕ್ರೋ ಖಾತೆಯಲ್ಲಿ ಇಡಬೇಕು. ಆ ಖಾತೆಯಲ್ಲಿ ಯಜಮಾನನಿಲ್ಲದ ₹2,360 ಸುಮ್ಮನೆ ಕೂತಿದ್ದರೆ, ಅದರ ಯಜಮಾನ ಈ ಪತ್ರ ಬರೆಯುತ್ತಿದ್ದಾನೆ.

ಈಗ ತಾವು ಒಂದನ್ನು ಆರಿಸಿಕೊಳ್ಳಬೇಕು. ಮೊದಲ ಪಾವತಿ ಪುಟ ಹೇಳಿದಂತೆ ವಿಫಲವಾಗಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅನ್ವಯಿಸುತ್ತದೆ. ಯುಪಿಐನಲ್ಲಿ ವ್ಯಾಪಾರಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿ, ಅತ್ತ ದೃಢೀಕರಣ ತಲುಪದಿದ್ದರೆ ವಹಿವಾಟಿನ ದಿನದ ನಂತರದ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ಆಮೇಲೆ ದಿನಕ್ಕೆ ₹100 ಪರಿಹಾರ, ಅದೂ ಗ್ರಾಹಕ ದೂರು ಕೊಡದೆಯೇ. ಗಡುವು ಜೂನ್ 19ಕ್ಕೆ ಮುಗಿಯಿತು. ಇಂದಿಗೆ ₹600 ಆಗಿದೆ. ಇಲ್ಲ, ಅದು ಯಶಸ್ವಿಯೇ ಎನ್ನುವಿರಾದರೆ ಸುತ್ತೋಲೆಯಿಂದ ತಪ್ಪಿಸಿಕೊಳ್ಳಬಹುದು, ಒಪ್ಪುತ್ತೇನೆ. ಆ ಸುತ್ತೋಲೆ ವಿಫಲ ವಹಿವಾಟುಗಳಿಗೆ ಮಾತ್ರ. ಆದರೆ ಆಗ ಎದುರಾಗುವುದು ಇನ್ನೂ ಹಳೆಯ ಅಜ್ಜ, 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ: ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ಹಿಂದಿರುಗಿಸಬೇಕು. ಪುಟಕ್ಕೆ ವಿಫಲ, ದೂರಿಗೆ ಯಶಸ್ವಿ, ಅಂಗಡಿಗೆ ಗೊತ್ತೇ ಇಲ್ಲ ಎಂಬ ಮೂರೂ ಅವತಾರಗಳನ್ನು ಒಂದೇ ₹2,360ಕ್ಕೆ ಕೊಡುವ ಅಧಿಕಾರ ಮಾತ್ರ ಯಾವ ಕಾಯ್ದೆಯಲ್ಲೂ ಕಾಣಲಿಲ್ಲ.

ತಮ್ಮ ಆ್ಯಪ್‌ನ ವ್ಯಾಲೆಟ್‌ಗೆ ಅಷ್ಟೇ ಮೊತ್ತದ ಅಂಕ ಹಾಕುವ ಉದಾರ ಸಲಹೆಗೆ ಧನ್ಯವಾದ, ಬೇಡ. ಗ್ರಾಹಕ ಒಪ್ಪದ ಹೊರತು ಮರುಪಾವತಿ ಹಣ ಬಂದ ದಾರಿಯಲ್ಲೇ ಹೋಗಬೇಕೆಂದು ಪಾವತಿ ಸಂಗ್ರಾಹಕರಿಗಿರುವ ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. 4471ರ ₹2,360 ಅದೇ ಬ್ಯಾಂಕ್ ಖಾತೆಗೆ ಬರಲಿ. ವಿಫಲವೆಂದು ಒಪ್ಪಿದರೆ ಅಂದಿನವರೆಗಿನ ಪರಿಹಾರವೂ ಜೊತೆಗಿರಲಿ. ‘ಪ್ರಕ್ರಿಯೆಯಲ್ಲಿದೆ’ ಎಂಬ ಸಂದೇಶದ ಬದಲು ಮರುಪಾವತಿಯ ಯುಟಿಆರ್ ಸಂಖ್ಯೆ ಕಳುಹಿಸಿ, ಬ್ಯಾಂಕಿನಲ್ಲಿ ಹುಡುಕಿಸಲು ಅದೇ ಬೇಕು. ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಇದೇ ಲಗತ್ತುಗಳೊಂದಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ. ಅದನ್ನು ಒಂದೇ ಸಲ ಸಲ್ಲಿಸುತ್ತೇನೆ.

ಇಂತಿ,
ಬಿಲ್ ಸಂಖ್ಯೆ 2417ರ ಒಬ್ಬನೇ ಗ್ರಾಹಕ