ಮೂವರು ಅಗ್ರಿಗಳು, ಒಂದೇ ಟೊಮೆಟೊ

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಸಾಕು, ಪಾಯಸ ಬರುವುದರೊಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಮ್ಮ ಹುಡುಗ ಬಿ.ಎಸ್ಸಿ. ಅಗ್ರಿ ಕೊನೇ ವರ್ಷ. ಮುಂದೇನು ಮಾಡಿಸೋಣ?" ಕಳೆದ ವಾರ ಕೇಳಿದವಳು ನನ್ನ ಸ್ವಂತ ಅಕ್ಕ. ಅವಳ ಮಗ ಪಕ್ಕದಲ್ಲೇ ಕೂತು, ಪ್ರಶ್ನೆ ಬೇರೆ ಯಾರದೋ ಎಂಬಂತೆ ಹಪ್ಪಳ ಮುರಿಯುತ್ತಿದ್ದ.

ನಮ್ಮ ಹಾಸ್ಟೆಲ್ ರೂಮಿನಿಂದ ಮೂವರು ಹೊರಬಿದ್ದೆವು. ಒಬ್ಬ ಬ್ಯಾಂಕಿನ ಫೀಲ್ಡ್ ಆಫೀಸರ್ ಆದ, ಇನ್ನೊಬ್ಬ ಬೀಜದ ಕಂಪನಿ ಸೇರಿದ, ನಾನು ಕೋಲಾರದ ಕಡೆ ನರ್ಸರಿ ಹಾಕಿದೆ. ಮೂವರ ಹೊಟ್ಟೆಪಾಡೂ ಕೊನೆಗೆ ರೈತನ ಟೊಮೆಟೊ ಮೇಲೇ ನಿಂತಿದೆ. ಆ ಟೊಮೆಟೊ ಕೆಟ್ಟ ದಿನ ಯಾರ ದುಡ್ಡು ಮುಳುಗುತ್ತದೆ ಎನ್ನುವುದಷ್ಟೇ ನಮ್ಮೊಳಗಿನ ವ್ಯತ್ಯಾಸ.

ಬ್ಯಾಂಕಿನವನದು ಅಕ್ಕನಿಗೆ ಇಷ್ಟವಾಗುವ ಕೆಲಸ. ಹೆಣ್ಣು ಕೊಡುವವರಿಗಂತೂ ಇನ್ನೂ ಇಷ್ಟ. ಐಬಿಪಿಎಸ್ ಪರೀಕ್ಷೆ ಬರೆದು ಗೆದ್ದ. ಗೆದ್ದ ಮೇಲೆ ಗೊತ್ತಾದದ್ದು, ಫೀಲ್ಡ್ ಆಫೀಸರ್ ಫೀಲ್ಡಿಗಿಂತ ಹೆಚ್ಚು ನೋಡುವುದು ಪಹಣಿಯನ್ನು. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದ ಬೆಳೆ ಸಾಲಕ್ಕೆ ಬಡ್ಡಿ ಶೇ. 7. ವಾಯಿದೆಯೊಳಗೆ ಕಟ್ಟಿದರೆ ಅದರಲ್ಲಿ 3 ಮಾಫಿ, ಅಂದರೆ ವರ್ಷಕ್ಕೆ 9,000 ರೂಪಾಯಿ ಉಳಿತಾಯ. ಅದಕ್ಕಾಗಿ ರೈತ ಪರಿಚಯದವರ ಹತ್ತಿರ ಎರಡು ದಿನಕ್ಕೆ ಕೈಗಡ ತಂದು ಬೆಳಿಗ್ಗೆ ಕಟ್ಟುತ್ತಾನೆ. ಸಾಲ ರಿನೀವಲ್ ಆದ ಕೂಡಲೇ ಅದೇ ದುಡ್ಡು ತೆಗೆದು ಕೈಗಡ ತೀರಿಸುತ್ತಾನೆ. ಬ್ಯಾಂಕಿನ ಪುಸ್ತಕದಲ್ಲಿ ವಸೂಲಾತಿ ಭರ್ಜರಿ. ಬೆಳೆ ಬಂತೋ ಇಲ್ಲವೋ, ಪುಸ್ತಕ ನೋಡಿ ಹೇಳುವುದು ಕಷ್ಟ. ಎರಡು ಮೂರು ವರ್ಷಕ್ಕೆ ವರ್ಗವಾದರೆ ಸಾಲ ಅಲ್ಲೇ ಉಳಿಯುತ್ತದೆ, ಇವನು ಮುಂದಿನ ಊರಿಗೆ ಹೋಗುತ್ತಾನೆ.

ಬೀಜದವನ ಕಥೆ ಬೇರೆ. ಅವನಿರುವುದು ರಾಣೆಬೆನ್ನೂರಿನ ಕಡೆ, ಹೈಬ್ರಿಡ್ ತರಕಾರಿ ಬೀಜ ಮಾಡಿಸುವ ಊರುಗಳಲ್ಲಿ. ಒಮ್ಮೆ ಅವನ ಜೊತೆ ಕ್ರಾಸಿಂಗ್ ನೋಡಲು ಹೋಗಿದ್ದೆ. ಇನ್ನೂ ಅರಳದ ಮೊಗ್ಗನ್ನು ಸಂಜೆ ಚಿಮಟದಿಂದ ಬಿಡಿಸಿ ಗಂಡು ಭಾಗ ಕಿತ್ತುಹಾಕುತ್ತಾರೆ, ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಪರಾಗ ತಂದು ಮುಟ್ಟಿಸುತ್ತಾರೆ. ಗುರುತಿಗೆ ಹೂವಿನ ತೊಟ್ಟಿನ ಹತ್ತಿರದ ಹಸಿರು ಎಸಳಿನ ತುದಿ ಕತ್ತರಿಸುತ್ತಾರೆ. ಕೊಯ್ಲಿನಲ್ಲಿ ಎಸಳು ಪೂರ್ತಿ ಇರುವ ಹಣ್ಣು ಸಿಕ್ಕರೆ ಅದು ತನಗೆ ತಾನೇ ಕಟ್ಟಿದ್ದು, ಬೀಜಕ್ಕೆ ಬೇಡ. ನೂರಾರು ಗಿಡಗಳಲ್ಲಿ ಇದನ್ನು ಮಾಡುವುದು ಹೆಂಗಸರು. ಸರಿಯಾಯಿತೋ ಇಲ್ಲವೋ ಎಂದು ಬೈಕಿನಲ್ಲಿ ತಿರುಗುವುದು ನಮ್ಮ ಗೆಳೆಯ. ಆಮೇಲೆ ಬೀಜದ ಮಾದರಿಯನ್ನು ಬಿತ್ತಿ, ಗಿಡ ಬೆಳೆಸಿ ಶುದ್ಧತೆ ನೋಡುತ್ತಾರೆ. ಫೇಲಾದರೆ ಆ ಲಾಟ್ ತಿರಸ್ಕೃತ. ಫಲಿತಾಂಶ ಬರಲು ತಿಂಗಳುಗಳೇ ಬೇಕು, ಅಷ್ಟು ದಿನವೂ ರೈತನ ಫೋನು ಕಂಪನಿಗಲ್ಲ, ಇವನಿಗೆ. ದುಡ್ಡು ಮುಳುಗುವುದು ರೈತನದು, ಮುಖ ಮುಳುಗುವುದು ಇವನದು.

(ಇನ್ನೊಂದು ದಾರಿಯೂ ಇದೆ. ಕೀಟನಾಶಕ ಮಾರಲು ಅಂಗಡಿಗೆ ಓದಿದವನ ಸರ್ಟಿಫಿಕೇಟ್ ಬೇಕು. ಅದನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಮಲಗುವವರಿದ್ದಾರೆ. ಡಿಗ್ರಿ ಗೋಡೆ ಮೇಲೆ ದುಡಿಯುತ್ತದೆ. ಅಳಿಯ ತಲೆಯೆತ್ತಿದ್ದು ಈ ಮಾತಿಗೆ ಮಾತ್ರ.)

ಇನ್ನು ಸ್ವಂತ ಉದ್ದಿಮೆ, ಅಂದರೆ ನಾನು. ಅಗ್ರಿ ಕ್ಲಿನಿಕ್ ಯೋಜನೆಯಲ್ಲಿ 45 ದಿನದ ತರಬೇತಿ ಮುಗಿಸಿ ಸಾಲಕ್ಕೆ ಹೋದೆ. ಫೈಲು ನೋಡಿದ ಬ್ಯಾಂಕಿನ ಗೆಳೆಯ "ನಿನ್ನನ್ನು ಹಾಸ್ಟೆಲ್‌ನಿಂದ ಬಲ್ಲೆ ಕಣೋ, ಅದಕ್ಕೇ ಭಯ" ಎಂದ. ಕೊನೆಗೆ ಮಾವನ ಮನೆಯ ದುಡ್ಡೇ ಆಯಿತು.

ಮೊದಲ ವರ್ಷವೇ ಒಬ್ಬರು 3 ಎಕರೆಗೆಂದು 21,000 ಟೊಮೆಟೊ ಸಸಿ ಬುಕ್ ಮಾಡಿದರು. ಸಸಿಗೆ 1 ರೂಪಾಯಿ, ಮುಂಗಡ 2,000. 98 ಗುಳಿಯ 215 ಟ್ರೇಗೆ ಕೋಕೋಪೀಟ್ ತುಂಬಿಸಿ, ಬೀಜ ಹಾಕಿ, 25ನೇ ದಿನಕ್ಕೆ ಗೇಣುದ್ದದ ಚೆಂದದ ಸಸಿ ಮಾಡಿದೆ. ಆ ವಾರವೇ ಮಂಡಿಯಲ್ಲಿ 15 ಕೆಜಿ ಬಾಕ್ಸ್ 80 ರೂಪಾಯಿಗೆ ಇಳಿಯಿತು. ಅವರ ಫೋನು ಸ್ವಿಚ್ ಆಫ್. 40ನೇ ದಿನ ಸಸಿ ಎಳೆದ ಹುರಿಯಂತೆ ಸೊರಗಿತ್ತು. ಗುಳಿಯಿಂದ ಕಿತ್ತರೆ ಬೇರು ಬುಡದಲ್ಲಿ ಸುತ್ತಿಕೊಂಡು ಗಂಟಾಗಿತ್ತು. ನೆಟ್ಟರೂ ಚೇತರಿಸುವುದಿಲ್ಲ. 21,000 ಸಸಿ ತಿಪ್ಪೆಗೆ ಹೋಯಿತು. ಮಾರದೆ ಉಳಿದ ಬೀಜದ ಪೊಟ್ಟಣವನ್ನು ಕಂಪನಿ ವಾಪಸ್ ತಗೊಳ್ಳುತ್ತದೆ. ವಯಸ್ಸಾದ ಸಸಿಯನ್ನು ಯಾವ ದೇವರೂ ತಗೊಳ್ಳುವುದಿಲ್ಲ.

"ಹಾಗಾದ್ರೆ ಯಾವುದು ಒಳ್ಳೇದು ಮಾವ?" ಅಂದ ಅಳಿಯ. ರಾತ್ರಿ ನಿದ್ದೆ ಬೇಕಿದ್ದರೆ ಬ್ಯಾಂಕು, ಬೆಳೆ ಕಲಿಯಬೇಕಿದ್ದರೆ ಬೀಜ ಅಂದೆ. ನರ್ಸರಿ ಹಾಕುವುದಾದರೆ ಮೊದಲು ಮೂರು ವರ್ಷ ಬೀಜದ ಕಂಪನಿಯಲ್ಲಿ, ಬೇರೆಯವರ ದುಡ್ಡಿನಲ್ಲಿ ತಪ್ಪು ಮಾಡಿ ಬಾ ಅಂದೆ. ಅಕ್ಕ ಪಾಯಸ ಬಡಿಸಿದಳು.

ಅಂದ ಹಾಗೆ, ಓದುಗರಲ್ಲಿ ಯಾರಿಗಾದರೂ ಟೊಮೆಟೊ ಸಸಿ ಬೇಕಿದ್ದರೆ ಈಗ ಬುಕ್ಕಿಂಗ್ ನಡೆಯುತ್ತಿದೆ. ಮುಂಗಡ ಅರ್ಧಕ್ಕರ್ಧ. ಹೆಂಡತಿಯ ತಮ್ಮನಿಗೂ ಇದೇ ಲೆಕ್ಕ.