ಮಿನಿಟ್ಸಪ್ಪ

ಊರಿಗೊಬ್ಬ ಪಂಚಾಂಗದವರು, ಊರಿಗೊಬ್ಬ ನಾಟಿ ವೈದ್ಯರು ಇದ್ದ ಹಾಗೆ ಗೊರೂರು ಸೀಮೆಯಲ್ಲಿ ಈಗ ಮಿನಿಟ್ಸಪ್ಪಂದಿರು ಹುಟ್ಟಿಕೊಂಡಿದ್ದಾರೆ. ಅವರಪ್ಪ ಅಮ್ಮ ಇಟ್ಟ ಹೆಸರು ಬೇರೆ. ಬೆಂಗಳೂರಿಗೆ ಹೋಗಿ ಬಿ.ಕಾಂ. ಮುಗಿಸಿ, ಯಾರೋ ಹೇಳಿದರೆಂದು ಚೀನೀ ಭಾಷೆಯ ತರಗತಿಗೆ ಸೇರಿ, ಎಚ್‌ಎಸ್‌ಕೆ ಪರೀಕ್ಷೆಯ ನಾಲ್ಕನೇ ಹಂತ ದಾಟಿದವರು. ಆ ಹಂತಕ್ಕೆ 1200 ಪದ ಬಂದರೆ ಸಾಕಿತ್ತು. ಅಷ್ಟು ಪದ ಇಟ್ಟುಕೊಂಡು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳಬಹುದು, ಹವಾಮಾನ ಹೊಗಳಬಹುದು. ಬೇರಿಂಗು, ಗ್ಯಾಸ್ಕೆಟ್ಟು, ಪ್ಯಾಕಿಂಗ್ ಫಿಲ್ಮು ಎನ್ನುವುದೆಲ್ಲ ಕೆಲಸಕ್ಕೆ ಸೇರಿದ ಮೇಲೆ ಬೈಸಿಕೊಂಡು ಕಲಿತದ್ದು.

2020ರ ಮೇಲೆ ಇಲ್ಲಿಗೆ ಮೆಶಿನ್ ಕೂರಿಸಲು ಬರುವ ಚೀನಾದ ಮೆಕ್ಯಾನಿಕ್ಕುಗಳಿಗೆ ವೀಸಾ ಸಿಗುವುದು ಕಷ್ಟವಾಗಿ ಅವರ ಜೊತೆಗಿನ ಸಭೆಗಳೆಲ್ಲ ಪರದೆಯ ಮೇಲೆ ನಡೆಯತೊಡಗಿದವು. ಹಾಗಾದ ಮೇಲೆ ಮಿನಿಟ್ಸಪ್ಪ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತ ಕೂರುವುದೇಕೆ? ನಮ್ಮ ಮಿನಿಟ್ಸಪ್ಪ ಊರಿಗೇ ಬಂದು, ಹೇಮಾವತಿಯ ಗಾಳಿ ಬರುವ ಪಡಸಾಲೆಯಲ್ಲಿ ಮೇಜು ಹಾಕಿಕೊಂಡಿದ್ದಾನೆ. ಕಂಬಕ್ಕೆ ಎರಡು ಗಡಿಯಾರ ತೂಗುಹಾಕಿದ್ದಾನೆ. ಒಂದು ನಮ್ಮದು, ಇನ್ನೊಂದು ಬೀಜಿಂಗಿನದು, ಎರಡೂವರೆ ಗಂಟೆ ಮುಂದೆ. ಅವನ ತಾಯಿ ಮೊದಮೊದಲು ಆ ಗಡಿಯಾರ ನೋಡಿ ಮಗನಿಗೆ ಬೆಳಗ್ಗೆ ಹತ್ತೂವರೆಗೇ ಮಧ್ಯಾಹ್ನದ ಊಟ ಬಡಿಸುತ್ತಿದ್ದರು.

ಅವನ ಕೆಲಸ ಇಷ್ಟೇ. ಹಾಸನದ ಕಡೆಯ ಯಜಮಾನರೊಬ್ಬರು ಆಲೂಗಡ್ಡೆ ಚಿಪ್ಸ್ ಪ್ಯಾಕ್ ಮಾಡುವ ಮೆಶಿನ್ ತರಿಸುತ್ತಾರೆ ಅನ್ನಿ. ಇತ್ತ ಯಜಮಾನರು ಕನ್ನಡದಲ್ಲಿ ಮಾತಾಡುತ್ತಾರೆ, ಅತ್ತ ಮೆಶಿನ್ನಿನವರು ಚೀನಿಯಲ್ಲಿ ಮಾತಾಡುತ್ತಾರೆ, ನಡುವೆ ಇವನು ಎರಡೂ ಕಡೆಗೆ ಹೇಳುತ್ತಾನೆ. ಮುಗಿದ ಮೇಲೆ ಸಭೆಯ ಮಿನಿಟ್ಸನ್ನು ಚೀನಿಯಲ್ಲಿ ಬರೆದು ಅಂದೇ ರಾತ್ರಿ ಎಲ್ಲರಿಗೂ ಕಳಿಸಬೇಕು. ಯಾರು ಏನೇನು ಅಂದರು ಎಂದು ಸಾಲುಸಾಲಾಗಿ ಬರೆದಿಡುವ ದಾಖಲೆ ಚೀನಾದಲ್ಲಿ ಬೇರೆಯೇ ಇದೆ. ಇವನು ಬರೆಯುವುದು ಅದಲ್ಲ, ಅದರ ಸಾರ. ಸಾರ ಅಂದರೆ ಸರ್ಕಾರಿ ಕಾಗದದಷ್ಟೇ ಗಂಭೀರ. 2012ರಲ್ಲಿ ಅಲ್ಲಿಯ ಪಕ್ಷ ಮತ್ತು ಸರ್ಕಾರದ ಕಚೇರಿಗಳಿಗೆ ಹೊರಡಿಸಿದ ನಿಯಮದಲ್ಲಿ ಅಧಿಕೃತ ಕಾಗದಗಳು 15 ಬಗೆ ಎಂದು ಎಣಿಸಿದ್ದಾರೆ, ಅದರಲ್ಲಿ ಇದೂ ಒಂದು. ಆ ಶಿಸ್ತು ಕಂಪನಿಗಳಲ್ಲೂ ಇದೆ. ತಲೆಯಲ್ಲಿ ದಿನ, ಜಾಗ, ಸಭೆ ನಡೆಸಿದವರು, ಬಂದವರು, ಬರೆದವರು. ಕೆಳಗೆ ನಾಲ್ಕು ಕಲಮಿನ ಪಟ್ಟಿ: ಕ್ರಮಸಂಖ್ಯೆ, ಬಾಬು, ಹೊಣೆಗಾರ, ಮುಗಿಯಬೇಕಾದ ದಿನ. ಪೀಠಿಕೆ ಇಲ್ಲ, ಕಾಫಿ ತಿಂಡಿಯ ಪ್ರಸ್ತಾಪ ಇಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ.

ಇವನಿಗೆ ಮೊದಲು ಕಾಟ ಕೊಟ್ಟದ್ದು ಮೂರನೇ ಕಲಮು. ನಮ್ಮ ಸಂಘ ಸಂಸ್ಥೆಗಳ ನಡವಳಿ ಪುಸ್ತಕದಲ್ಲಿ ಎಲ್ಲ ಕೆಲಸವೂ ತಾನಾಗಿಯೇ ಆಗುತ್ತದೆ. ‘ಕೂಲಂಕಷವಾಗಿ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಯಾರು ಕೈಗೊಳ್ಳಬೇಕು? ಬರೆದಿಲ್ಲ. ಯಾವತ್ತಿನೊಳಗೆ? ಕೇಳಿದವನು ಅಧಿಕಪ್ರಸಂಗಿ. ಹಾಸನದ ಯಜಮಾನರೂ ಅದೇ ಗರಡಿಯವರು. ‘ವೋಲ್ಟೇಜಿನ ವಿಷಯ ನಮ್ಮ ಹುಡುಗರು ನೋಡ್ಕೊತಾರೆ ಬಿಡಿ’ ಅಂದರು. ಚೀನಾದಲ್ಲಿ ಮೂರು ಫೇಸಿನ ಕರೆಂಟು 380 ವೋಲ್ಟು, ನಮ್ಮಲ್ಲಿ 415. ಮೆಶಿನ್ನಿಗೆ ಟ್ರಾನ್ಸ್‌ಫಾರ್ಮರ್ ಬೇಕೋ, ಮೋಟರೇ ತಡೆಯುತ್ತದೋ ಎಂದು ಯಾರಾದರೂ ಒಬ್ಬರು ಲೆಕ್ಕ ಹಾಕಿ ಹೇಳಲೇಬೇಕು. ಅತ್ತಲಿನ ಇಂಜಿನಿಯರು ಪರದೆಯಿಂದಲೇ ಹೆಸರು ಕೇಳಿದ. ‘ಹುಡುಗರು’ ಎಂದು ಮೂರನೇ ಕಲಮಿನಲ್ಲಿ ಬರೆಯಲು ಬರುವುದಿಲ್ಲ. ಒಬ್ಬ ಭಿಕ್ಷು ಇದ್ದರೆ ನೀರು ತಾನೇ ಹೊರುತ್ತಾನೆ, ಇಬ್ಬರಿದ್ದರೆ ಜೊತೆಯಾಗಿ ಹೊರುತ್ತಾರೆ, ಮೂವರಾದರೆ ಕುಡಿಯಲು ನೀರೇ ಇಲ್ಲ ಎಂಬ ಗಾದೆ ಆ ಕಡೆಯವರದು. ಹೇಮಾವತಿ ನಾಲೆಯ ಕೊನೆಯಲ್ಲಿ ಗದ್ದೆ ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಯಜಮಾನರು ‘ಮಂಜುನಾಥ ಅಂತ ಬರ್ಕೊಳಪ್ಪ’ ಅಂದರು. ಮಿನಿಟ್ಸಪ್ಪ ಬರೆದುಕೊಂಡ. ಚೀನೀ ಲಿಪಿಯಲ್ಲಿ ನಮ್ಮ ಹೆಸರುಗಳನ್ನು ಉಚ್ಚಾರಣೆಗೆ ಹತ್ತಿರದ ಅಕ್ಷರ ಹುಡುಕಿ ಕೂಡಿಸಬೇಕು. ಮಂಜುನಾಥ ಹೋಗಿ ‘ಮಾನ್ ಜೂ ನಾ ತೆ’ ಆದ. ಇನಿಷಿಯಲ್ಲು ಬಿದ್ದುಹೋಯಿತು. ಆ ಕಾರ್ಖಾನೆಯಲ್ಲಿ ಮಂಜುನಾಥರು ಇಬ್ಬರು, ಒಬ್ಬರು ಕರೆಂಟಿನವರು, ಒಬ್ಬರು ಲೆಕ್ಕದವರು. ಕಾಗದ ಹೋದದ್ದು ಲೆಕ್ಕದವರಿಗೆ. ಅವರು 415 ಎಂಬ ಅಂಕಿ ನೋಡಿ ಕರೆಂಟ್ ಬಿಲ್ಲಿನ ಬಾಬತ್ತು ಇರಬೇಕೆಂದು ಫೈಲಿಗೆ ಸೇರಿಸಿ ನೆಮ್ಮದಿಯಾಗಿದ್ದರು. ಗಡುವಿನ ದಿನ ಚೀನಾದವರು ಉತ್ತರ ಕೇಳಿದಾಗ ಕರೆಂಟಿನ ಮಂಜುನಾಥರಿಗೆ ಅದು ಹೊಸ ಸುದ್ದಿ. ಅಂದಿನಿಂದ ಮಿನಿಟ್ಸಪ್ಪ ಪ್ರತಿ ಹೆಸರಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇನಿಷಿಯಲ್ಲು, ಇಲಾಖೆ, ಫೋನ್ ನಂಬರು ಮೂರನ್ನೂ ಹಾಕುತ್ತಾನೆ. ಆ ಕಡೆಯವರದೇನು ಕಡಿಮೆಯಲ್ಲ. ವಾಂಗ್ ಮನೆತನದ ಇಂಜಿನಿಯರನ್ನೆಲ್ಲ ‘ವಾಂಗ್ ಗೊಂಗ್’ ಎಂದೇ ಕರೆಯುವ ಪದ್ಧತಿ ಅಲ್ಲಿಯದು. ಒಂದೇ ಸಭೆಯಲ್ಲಿ ಮೂವರು ವಾಂಗ್ ಗೊಂಗರು ಕೂತರೆ ಭಿಕ್ಷುಗಳ ಕತೆಯೇ.

ನಾಲ್ಕನೇ ಕಲಮಿನ ಕಷ್ಟ ಬೇರೆ. ‘15ನೇ ತಾರೀಖಿಗೆ ಮುಂಚೆ’ ಎಂದು ಬರೆದರೆ 15 ಸೇರಿತೋ ಇಲ್ಲವೋ? ಚೀನಾದವರಲ್ಲೇ ಇದಕ್ಕೆ ಜಗಳವಿದೆ. ಅದಕ್ಕೇ ಇವನು ತಾರೀಖಿನ ಜೊತೆ ಗಂಟೆ ಹಾಕುತ್ತಾನೆ, ಗಂಟೆಯ ಜೊತೆ ಬೀಜಿಂಗ್ ಹೊತ್ತೋ ಭಾರತದ ಹೊತ್ತೋ ಎಂದು ಹಾಕುತ್ತಾನೆ. ಬೀಜಿಂಗಿನ ಸಂಜೆ ಆರು ಎಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ ಎದ್ದು ಮೇಲ್ ಕಳಿಸೋಣ ಎಂದುಕೊಂಡ ಹಾಸನದವರಿಗೆ ಗಡುವು ನಿದ್ದೆಯಲ್ಲೇ ಕಳೆದಿರುತ್ತದೆ.

ಚೀನಾದವರೆಲ್ಲ ಗಡಿಯಾರದ ಮುಳ್ಳಿನ ಮೇಲೆ ಬದುಕುವವರು ಎಂದು ಊರಲ್ಲಿ ಒಂದು ನಂಬಿಕೆ ಇದೆ. ಅವನನ್ನು ಕೇಳಿದರೆ ನಗುತ್ತಾನೆ. ಅವರಲ್ಲೂ ‘ತಾತ್ವಿಕವಾಗಿ ಒಪ್ಪಿಗೆ’ ಇದೆ, ‘ಆದಷ್ಟು ಬೇಗ’ ಇದೆ, ‘ಇನ್ನಷ್ಟು ಅಧ್ಯಯನ ಮಾಡೋಣ’ ಇದೆ. ತಾತ್ವಿಕವಾಗಿ ಒಪ್ಪಿದರು ಎಂದರೆ ಆಮೇಲೆ ಒಂದು ‘ಆದರೆ’ ಬರುತ್ತದೆ. ಅಧ್ಯಯನ ಎಂದರೆ, ನಮ್ಮ ಬೀಗರು ಹೆಣ್ಣು ನೋಡಿ ಹೋಗಿ ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಅನ್ನುವುದು. ಇಂಥದ್ದನ್ನು ಅವನು ತೀರ್ಮಾನದ ಪಟ್ಟಿಗೆ ಸೇರಿಸುವುದೇ ಇಲ್ಲ. ಕೆಳಗೆ ‘ಇತ್ಯರ್ಥವಾಗದವು’ ಎಂಬ ಬೇರೆ ಪಟ್ಟಿ ಮಾಡಿ ಅಲ್ಲಿ ಕೂರಿಸುತ್ತಾನೆ. ನನ್ನನ್ನು ಕೇಳಿದರೆ ಅವನ ಜಾಣತನವೆಲ್ಲ ಆ ಎರಡನೇ ಪಟ್ಟಿಯಲ್ಲಿದೆ.

ಅವನು ಯಜಮಾನರಿಂದ ಒಂದು ಸಲ ಭೇಷ್ ಎನ್ನಿಸಿಕೊಂಡದ್ದು ಮಾತ್ರ ದುಡ್ಡಿನ ಬಾಬಿನಲ್ಲಿ. ಮೆಶಿನ್ನಿನ ಬೆಲೆ ಮೂರು ಲಕ್ಷ ಯುವಾನ್ ಎಂದು ಮಾತಾಯಿತು. ಚೀನಿಯಲ್ಲಿ ಲಕ್ಷ ಇಲ್ಲ, ಹತ್ತು ಸಾವಿರಕ್ಕೆ ಒಂದು ‘ವಾನ್’. ಮೂರು ಲಕ್ಷ ಅಂದರೆ ಮೂವತ್ತು ವಾನ್. ನಿದ್ದೆಗಣ್ಣಿನಲ್ಲಿ ಮೂರು ವಾನ್ ಎಂದು ಬರೆದರೆ ಮೆಶಿನ್ನು ಮೂವತ್ತು ಸಾವಿರಕ್ಕೆ ಬಂದುಬಿಡುತ್ತದೆ. ಆದ್ದರಿಂದ ಅಂಕಿಯಲ್ಲೂ ಬರೆದು ಸೊನ್ನೆ ಎಣಿಸುತ್ತಾನೆ. ಆಮೇಲೆ ಅಡ್ವಾನ್ಸು, ಆರು ವಾನ್, ಅಂದರೆ ಅರವತ್ತು ಸಾವಿರ ಯುವಾನ್.

ಅಡ್ವಾನ್ಸಿಗೆ ಅವನು ಕೀಲಿಮಣೆಯಲ್ಲಿ `dingjin` ಎಂದು ಒತ್ತಿದ. ಪರದೆಯ ಮೇಲೆ ಎರಡು ರೂಪ ಎದ್ದುನಿಂತವು, `定金` ಮತ್ತು `订金`. ಉಚ್ಚಾರಣೆ ಎರಡಕ್ಕೂ ಒಂದೇ. ಮೊದಲನೆಯದರ ಮೊದಲ ಅಕ್ಷರಕ್ಕೆ ನೆತ್ತಿಯ ಮೇಲೆ ಒಂದು ಸೂರು, ಎರಡನೆಯದಕ್ಕೆ ಎಡಗಡೆ ಮಾತಿನ ಗುರುತು. ಸೂರಿನ ಅಡ್ವಾನ್ಸ್ ಕೊಟ್ಟವನು ತಪ್ಪಿದರೆ ದುಡ್ಡು ಹೋಯಿತು, ತೆಗೆದುಕೊಂಡವನು ತಪ್ಪಿದರೆ ಎರಡು ಪಟ್ಟು ಕಕ್ಕಬೇಕು. 2021ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿಯ ನಾಗರಿಕ ಸಂಹಿತೆಯಲ್ಲಿ ಹಾಗೇ ಇದೆ, ಮತ್ತು ಅದು ಒಟ್ಟು ಬೆಲೆಯ ಶೇಕಡಾ 20 ಮೀರುವಂತಿಲ್ಲ. ಮಾತಿನ ಗುರುತಿನದು ಬರೀ ಮುಂಗಡ, ವ್ಯಾಪಾರ ಮುರಿದರೆ ಸಾಮಾನ್ಯವಾಗಿ ವಾಪಸ್ ಕೇಳಬಹುದು. ಕೀಲಿಮಣೆ ಮೊದಲು ತೋರಿಸಿದ್ದನ್ನೇ ಒತ್ತಿ ಮುಂದೆ ಹೋಗುವುದು ಎಲ್ಲರ ಅಭ್ಯಾಸ. ಇವನು ಕೈ ತಡೆದು ಯಜಮಾನರಿಗೆ ಫೋನ್ ಮಾಡಿದ.

‘ಅಣ್ಣಾ, ಅಕಸ್ಮಾತ್ ಮೆಶಿನ್ ಬ್ಯಾಡ ಅಂದ್ರೆ ಈ ದುಡ್ಡು ವಾಪಸ್ ಬರಬೇಕಾ, ಹೋದ್ರೆ ಹೋಗ್ಲಾ?’

‘ಏನಪ್ಪ ಹಿಂಗ್ ಕೇಳ್ತೀಯ, ಬ್ಯಾಂಕ್ ಲೋನ್ ಇನ್ನೂ ಆಗಿಲ್ಲ, ವಾಪಸ್ ಬರ್ಲೇಬೇಕು!’

ಎರಡನೆಯದನ್ನು ಒತ್ತಿದ. ಮರುದಿನ ಚೀನಾದವರು ತಿದ್ದಿ ಕಳಿಸಿದ ಪ್ರತಿಯಲ್ಲಿ ಸೂರು ಬಂದು ಕೂತಿತ್ತು. ಮಿಕ್ಕಿದ್ದೆಲ್ಲ ಅಕ್ಷರಕ್ಕಕ್ಷರ ಹಾಗೇ. ಕೆಳಗಡೆ ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಚೀನೀ ಪ್ರತಿಯೇ ಪ್ರಮಾಣ ಎಂದೂ, 24 ಗಂಟೆಯೊಳಗೆ ತಕರಾರು ಬಾರದಿದ್ದರೆ ಒಪ್ಪಿಗೆ ಎಂದೂ ಇತ್ತು. ಬೇರೆ ಯಾರಾದರೂ ಆಗಿದ್ದರೆ ಬೆರಳೆತ್ತಿ ‘ಸರಿ’ ಎಂದು ಕಳಿಸಿಬಿಡುತ್ತಿದ್ದರು. ಇವನು ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದುವ ಪೈಕಿ. ತಕರಾರು ಬರೆದ, ಸೂರು ಇಳಿಯಿತು. ಅಡ್ವಾನ್ಸಿಗೆ ಯಾವ ಹೆಸರೇ ಇರಲಿ, ದುಡ್ಡು ಮರಳಬೇಕೋ ಬೇಡವೋ ಎಂಬುದನ್ನು ಒಂದು ಪೂರಾ ವಾಕ್ಯದಲ್ಲಿ ಬರೆದುಬಿಡುವುದು ಅಂದಿನಿಂದ ಅವನ ಪದ್ಧತಿ.

ಇಷ್ಟು ಮಾಡಿ ಅವನು ಸುಮ್ಮನಿದ್ದರೆ ಈ ಲೇಖನ ಬರೆಯುವ ಪ್ರಮೇಯವಿರಲಿಲ್ಲ. ಮೇಜು ಬಿಟ್ಟೆದ್ದರೂ ಅವನನ್ನು ಮೂರನೇ ಕಲಮು ಬಿಡುವುದಿಲ್ಲ. ಮದುವೆ ಮಾತುಕತೆಗೆ ಕರೆದರೆ ‘ಛತ್ರ ಬುಕ್ ಮಾಡೋದು ಯಾರು, ಎಷ್ಟನೇ ತಾರೀಖಿನೊಳಗೆ’ ಎಂದು ಹೆಣ್ಣಿನ ಕಡೆಯವರ ಎದುರಲ್ಲೇ ಕೇಳುತ್ತಾನೆ. ಈಗ ಅವನ ಹೆಂಡತಿಯೂ ಕಲಿತುಬಿಟ್ಟಿದ್ದಾಳೆ. ‘ರೀ, ಎರಡು ಕೆ.ಜಿ. ಈರುಳ್ಳಿ. ತರೋರು ನೀವು. ಸಂಜೆ ಆರೂವರೆ, ನಮ್ಮ ಗಡಿಯಾರದಲ್ಲಿ’ ಎಂದು ಅವಳು ಅಡುಗೆಮನೆಯಿಂದ ಕೂಗಿದರೆ ಪಕ್ಕದ ಮನೆಗೂ ಕೇಳುತ್ತದೆ.

ಜಾತ್ರೆಯ ಅನ್ನಸಂತರ್ಪಣೆಗೆ ಸಭೆ ಸೇರಿದಾಗಲೂ ಫೋನಿನಲ್ಲಿ ಪಟ್ಟಿ ತೆರೆದು ಕೂತ. ಪಾತ್ರೆ, ಸೌದೆ, ಅಕ್ಕಿ, ಎಲೆ, ನೀರಿನ ಟ್ಯಾಂಕರು, ಶಾಮಿಯಾನ, ಲೆಕ್ಕಪತ್ರ.

‘ಎಲ್ಲಾ ಸೇರ್ಕೊಂಡು ಮಾಡಾಣ ಬಿಡಪ್ಪ, ಇದೇನ್ ಹೊಸದಾ?’ ಅಂದರು ಹಿರಿಯ ಗೌಡರು.

‘ಎಲ್ಲಾ ಅಂದ್ರೆ ಯಾರು ಗೌಡ್ರೇ? ಒಂದು ಹೆಸ್ರು ಹೇಳಿ.’

ಗೌಡರು ಸುತ್ತಲೂ ನೋಡಿದರು. ಒಬ್ಬ ಬೀಡಿ ಹುಡುಕತೊಡಗಿದ, ಒಬ್ಬನಿಗೆ ಹಸುವಿನ ಹಾಲು ಕರೆಯುವ ಹೊತ್ತಾಯಿತು, ಇನ್ನೊಬ್ಬನ ಫೋನು ರಿಂಗಾಗದೆಯೇ ಕಿವಿಗೆ ಹೋಯಿತು. ಗೌಡರು ಯೋಚಿಸಿ, ‘ಹಂಗಾದ್ರೆ ನಿನ್ ಹೆಸ್ರೇ ಬರ್ಕೋ’ ಅಂದರು. ಪಾತ್ರೆಗೆ ಬರೆದುಕೊಂಡ. ಸೌದೆಗೂ ಅದೇ ಹೆಸರು ಬಂತು, ಅಕ್ಕಿಗೂ ಬಂತು. ಸಭೆಗೆ ಈ ಪದ್ಧತಿ ಬಹಳ ಹಿಡಿಸಿತು. ಒಂದು ಬಾಬಿಗೆ ಒಬ್ಬನೇ ಹೊಣೆಗಾರನಿರಬೇಕು ಎಂಬ ಅವನ ನಿಯಮವನ್ನು ಯಾರೂ ಮುರಿಯಲಿಲ್ಲ. ಏಳು ಬಾಬು, ಏಳಕ್ಕೂ ಒಬ್ಬನೇ, ಗಡುವು ಜಾತ್ರೆಯ ಹಿಂದಿನ ಸಂಜೆ ಆರು ಗಂಟೆ, ಭಾರತದ ಹೊತ್ತು. 24 ಗಂಟೆಯೊಳಗೆ ಒಬ್ಬರ ತಕರಾರೂ ಬರಲಿಲ್ಲ.

ಈ ಸಲ ಜಾತ್ರೆಗೆ ಬನ್ನಿ. ಎಲೆ ಸಾಲದೆ ಬಂದರೆ, ಸಾರಿಗೆ ಉಪ್ಪು ಕಡಿಮೆಯಾದರೆ, ಸಮಿತಿಯವರನ್ನು ಹುಡುಕಿಕೊಂಡು ಅಲೆಯಬೇಡಿ. ಯಾರನ್ನು ಕೇಳಬೇಕೆಂಬುದು ಫೋನ್ ನಂಬರಿನ ಸಮೇತ ಬರಹದಲ್ಲಿದೆ.