ಅ ಇಂದ ಳ ವರೆಗೆ, ವಯಾ A to Z

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುವವರಿದ್ದಾರೆ. ಅದೇ ಸೀಮೆಯ ಕಚೇರಿಗಳ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತಮ್ಮ ಊರು ಎಲ್ಲಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಪಟ್ಟಿ 'ಅಕಾರಾದಿ'ಯಾಗಿದೆ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅಕಾರ ಎಲ್ಲಿದೆ ಎಂದು ಹುಡುಕಬೇಕಾದ್ದು ರೈತನ ಜವಾಬ್ದಾರಿ.

"ಸ್ವಾಮಿ, ತಿಪಟೂರು ತುರುವೇಕೆರೆಗಿಂತ ಕೆಳಗೆ ಯಾಕೈತೆ?" ಎಂದು ಕೇಳಿದರೆ, "ಯಜಮಾನ್ರೇ, ಅದು ಕಂಪ್ಯೂಟರ್ ಮಾಡಿರೋದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು ಅದು.

ಕಂಪ್ಯೂಟರ್ ಮಾಡಿದ್ದೇನು ಎಂದು ನೋಡೋಣ. ಕಸಬಾ ಹೋಬಳಿಗಳನ್ನು ಊರಿನ ಹೆಸರಲ್ಲೇ ಹಿಡಿದರೆ ಮೂರು ತಾಲ್ಲೂಕಿಗೆ ಒಟ್ಟು 13 ಹೋಬಳಿ. ತಿಪಟೂರಿಗೆ ಹೊನ್ನವಳ್ಳಿ, ಕಿಬ್ಬನಹಳ್ಳಿ, ನೊಣವಿನಕೆರೆ. ತುರುವೇಕೆರೆಗೆ ದಂಡಿನಶಿವರ, ದಬ್ಬೇಘಟ್ಟ, ಮಾಯಸಂದ್ರ. ಚಿಕ್ಕನಾಯಕನಹಳ್ಳಿಗೆ ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ, ಹಂದನಕೆರೆ. ಇವನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಿ, ಎಕ್ಸೆಲ್‌ನ `Sort A to Z` ಒತ್ತಿ. ಗುಂಡಿಯ ಹೆಸರಿನಲ್ಲೇ ಎಚ್ಚರಿಕೆ ಇದೆ, ಓದುವವರಿಲ್ಲ.

ಆ ಫಾಂಟಿನಲ್ಲಿ ನಾವು ನೋಡುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. 'ಕನ್ನಡ' ಎಂಬ ಪದವೇ ಒಳಗೆ `PÀ£ÀßqÀ` ಆಗಿರುತ್ತದೆ. ವೇಷ ಕಳಚಿ ನೋಡಿದರೆ 'ಚಿ'ಯ ಜಾಗದಲ್ಲಿ ಸಣ್ಣ `a`, 'ಅ' ಜಾಗದಲ್ಲಿ ದೊಡ್ಡ `C`, 'ತ'ಗೆ `v`, 'ತಿ'ಗೆ `w`, 'ನ'ಗೆ ಪೌಂಡಿನ ಗುರುತು. ಎಕ್ಸೆಲ್ ಸಾಮಾನ್ಯವಾಗಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂದು ಭೇದ ಮಾಡುವುದಿಲ್ಲ. ಚಿಹ್ನೆಗಳನ್ನು ಮಾತ್ರ ಅಕ್ಷರಗಳಿಗಿಂತ ಮೊದಲು ಕೂರಿಸುತ್ತದೆ. ಹಾಗಾಗಿ ನೊಣವಿನಕೆರೆ ಇಂಗ್ಲೆಂಡಿನ ದುಡ್ಡಿನ ಬಲದಿಂದ ಕಂದಿಕೆರೆಯನ್ನು ಹಿಂದೆ ಹಾಕಿ ಪಟ್ಟಿಯ ನೆತ್ತಿಗೇರುತ್ತದೆ. ಚಿಕ್ಕನಾಯಕನಹಳ್ಳಿ `a` ಇಂದ ಶುರುವಾಗುವುದರಿಂದ, ಪಕ್ಕದ ಅರಸೀಕೆರೆಯನ್ನು ಪಟ್ಟಿಗೆ ಸೇರಿಸಿದರೂ ಅರಸೀಕೆರೆ ಅದರ ಕೆಳಗೇ ಇರಬೇಕು. 'ಅ' ಇಲ್ಲಿ `C` ತಾನೆ! ತುರುವೇಕೆರೆ `v`, ತಿಪಟೂರು `w`. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು ಒಂದು ಇಂಗ್ಲಿಷ್ ಅಕ್ಷರದ ಅಂತರದಲ್ಲಿ ಸೋಲುವುದು ಹೀಗೆ.

ಇದಕ್ಕೆ ಕಚೇರಿಗಳು ಕಂಡುಕೊಂಡಿರುವ ಪರಿಹಾರ ಇನ್ನೂ ಸೊಗಸು. ಪಕ್ಕದ ಕಾಲಂನಲ್ಲಿ ಊರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಅದನ್ನು ಸಾರ್ಟ್ ಮಾಡಿ, ಮುದ್ರಿಸುವಾಗ ಇಂಗ್ಲಿಷ್ ಕಾಲಂ ಮರೆಮಾಡುವುದು. ಕನ್ನಡದ ಪಟ್ಟಿ ಇಂಗ್ಲಿಷ್ ವರ್ಣಮಾಲೆಯಲ್ಲಿ ನಿಂತಿರುತ್ತದೆ, ಸಾಕ್ಷಿ ಮಾತ್ರ ಇರುವುದಿಲ್ಲ. ಇನ್ನು ಕೆಲವರು ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತುತ್ತಾರೆ. ಉಳಿದ ಕಾಲಂಗಳನ್ನೂ ಸೇರಿಸಬೇಕೇ ಎಂದು ಎಕ್ಸೆಲ್ ಕೇಳುತ್ತದೆ. ಪ್ರಶ್ನೆ ಓದುವ ಪುರುಸೊತ್ತಿಲ್ಲದೆ ಬೇಡ ಎಂದರೆ ಹೆಸರುಗಳು ಜಾಗ ಬದಲಿಸುತ್ತವೆ, ಕ್ವಿಂಟಾಲುಗಳು ಅಲ್ಲೇ ಉಳಿಯುತ್ತವೆ. ನಂಜಪ್ಪನ ಕೊಬ್ಬರಿ ಕಾಗದದ ಮೇಲೆ ಸಿದ್ದಪ್ಪನದಾಗಲು ಯಾವ ದಲ್ಲಾಳಿಯೂ ಬೇಕಾಗಿಲ್ಲ.

ಹಾಗಾದರೆ ಯೂನಿಕೋಡ್? 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ: 'ಕ' 3221, 'ಹ' 3257. ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಗುಣಿತದ ಚಿಹ್ನೆಗಳು. ಬರೀ ಸಂಖ್ಯೆ ನೋಡಿ ಜೋಡಿಸಿದರೂ ಪಟ್ಟಿ ಬಹುಪಾಲು ಸರಿಯಾಗಿಯೇ ಬರುತ್ತದೆ. ತಿಪಟೂರು ತುರುವೇಕೆರೆಗಿಂತ ಮೇಲೆ ಬಂದು ನ್ಯಾಯ ಸಿಗುತ್ತದೆ.

ಕೆಡುವುದು 'ಳ' ಬಳಿ. ವರ್ಣಮಾಲೆಯ ಕೊನೆಯಲ್ಲಿ, 'ಹ' ಆದಮೇಲೆ ನಿಲ್ಲಬೇಕಾದ ಅಕ್ಷರವಿದು. ಭಾರತದ ಹಲವು ಲಿಪಿಗಳಿಗೆ ಒಂದೇ ಅಚ್ಚು ಹೊಯ್ದವರು ಅದನ್ನು 'ಲ' ಪಕ್ಕಕ್ಕೆ ಕೂರಿಸಿ 3251 ಎಂದು ನಂಬರು ಕೊಟ್ಟರು. ಸಂಖ್ಯೆಯನ್ನಷ್ಟೇ ನಂಬುವ ತಂತ್ರಾಂಶದಲ್ಲಿ ಎಲೆ, ಎಳನೀರು, ಎಸಳು ಎಂಬ ಕ್ರಮ ಬರುತ್ತದೆ. ಬರಬೇಕಾದ್ದು ಎಲೆ, ಎಸಳು, ಎಳನೀರು. ಅದೇ ಕೃಪೆಯಿಂದ 'ಬೆಲೆ' ಮತ್ತು 'ಬೆಳೆ' ಅಕ್ಕಪಕ್ಕ ಬಂದು ನಿಲ್ಲುತ್ತವೆ. ತೆಂಗಿನ ಸೀಮೆಯಲ್ಲಿ ಅವೆರಡು ಒಟ್ಟಿಗೆ ಕಾಣಿಸಿಕೊಳ್ಳುವುದು ಅಪರೂಪ. ಆ ಮಟ್ಟಿಗೆ ಯಂತ್ರವನ್ನು ಅಭಿನಂದಿಸಬಹುದು.

ಎಲ್ಲ ತಂತ್ರಾಂಶಗಳೂ ಹೀಗೆ ಎಡವುವುದಿಲ್ಲ. ಭಾಷೆಯ ಕ್ರಮ ಬಲ್ಲವೂ ಇವೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ಎಸಳು, ಎಳನೀರು ಎರಡನ್ನೇ ಹಾಕಿ ಸಾರ್ಟ್ ಒತ್ತಿ. ಎಳನೀರು ಮೇಲೆ ಬಂದರೆ, ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಬರೆಯಿರಿ. ಹೊಸ ಎಕ್ಸೆಲ್ ಬೇಕು, ಹೆಸರು A2ನಲ್ಲಿರಬೇಕು:

```
="k"&CONCAT(SUBSTITUTE(TEXT(UNICODE(MID(A2,SEQUENCE(LEN(A2)),1)),"0000"),"3251","3258"))
```

ಇದು ಪ್ರತಿ ಅಕ್ಷರವನ್ನೂ ನಾಲ್ಕಂಕಿಯ ಸಂಖ್ಯೆ ಮಾಡಿ, 'ಳ'ದ 3251 ಕಂಡಲ್ಲಿ 3258 ಎಂದು ತಿದ್ದುತ್ತದೆ. 'ಹ' 3257, ಅದರ ಮುಂದಿನ ಮನೆ ಖಾಲಿ ಇತ್ತು. ನಮ್ಮ ಅಕ್ಷರವನ್ನು ನಾವೇ ಒಕ್ಕಲು ಕೂರಿಸಿದೆವು. ಇನ್ನು ಎಲ್ಲ ಕಾಲಂಗಳನ್ನೂ ಒಟ್ಟಿಗೆ ಆರಿಸಿ, ಈ ಕಾಲಂನ ಪ್ರಕಾರ ಸಾರ್ಟ್ ಮಾಡಿದರಾಯಿತು. ಹೆಸರಿನ ಮುಂದೆ ಯಾರೋ ಸ್ಪೇಸ್ ಒತ್ತಿದ್ದರೆ ಆ ಮಹಾಶಯರು ಎಲ್ಲರಿಗಿಂತ ಮೇಲೆ ಹೋಗಿ ಕೂರುತ್ತಾರೆ. `TRIM` ಹಾಕಿ ಮೊದಲೇ ಇಳಿಸಿಕೊಳ್ಳಿ. ಹಳೆಯ ಫಾಂಟಿನ ಪಟ್ಟಿಯಾದರೆ ಈ ಸೂತ್ರ ದಂಡ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಉಳಿದದ್ದು ಸೊನ್ನೆಯ ಜಗಳ. ಇದರಲ್ಲಿ ಯಂತ್ರದ ತಪ್ಪಿಲ್ಲ, ನಮ್ಮಲ್ಲೇ ಒಮ್ಮತವಿಲ್ಲ. ಶಾಲೆಯ ಕಾಗುಣಿತ 'ಕಂ', 'ಕಃ' ಎರಡನ್ನೂ 'ಕೌ' ಆದಮೇಲೆ ಹೇಳಿಸುತ್ತದೆ. ನಿಘಂಟು ತೆರೆದರೆ ಅಂಕ, ಅಂಗಡಿ ಆರಂಭದ ಪುಟಗಳಲ್ಲೇ ಸಿಗುವುದುಂಟು. ಮೇಲಿನ ಸೂತ್ರ ಎರಡನೆಯ ಪಕ್ಷದ್ದು, ಏಕೆಂದರೆ ಸೊನ್ನೆಯ ಸಂಖ್ಯೆ 3202, ಎಲ್ಲ ವ್ಯಂಜನಗಳಿಗಿಂತ ಚಿಕ್ಕದು. ಅದರ ಪ್ರಕಾರ ದಂಡಿನಶಿವರ ಮೇಲೆ, ದಬ್ಬೇಘಟ್ಟ ಕೆಳಗೆ. ಕಾಗುಣಿತದ ಮೇಷ್ಟ್ರನ್ನು ಕೇಳಿದರೆ ದಬ್ಬೇಘಟ್ಟವೇ ಮೇಲೆ. ಕಂದಿಕೆರೆಯೂ ಕಿಬ್ಬನಹಳ್ಳಿಯ ಹಿಂದೆ ಸರಿಯಬೇಕು, ಹಂದನಕೆರೆಯಂತೂ ಹುಳಿಯಾರು, ಹೊನ್ನವಳ್ಳಿ ಎರಡನ್ನೂ ಮುಂದೆ ಬಿಟ್ಟು 13ನೇ ಸ್ಥಾನಕ್ಕೆ ಇಳಿಯಬೇಕು. ಎರಡೂ ಕ್ರಮ ನಡೆಯುತ್ತವೆ. ನಡೆಯದಿರುವುದು ಒಂದೇ ಪಟ್ಟಿಯ ಮೊದಲ ಹಾಳೆಯಲ್ಲಿ ಒಂದು ಕ್ರಮ, ಎರಡನೆಯದರಲ್ಲಿ ಇನ್ನೊಂದು.

ಆದ್ದರಿಂದ ಪಟ್ಟಿ ಅಂಟಿಸುವ ಮಹನೀಯರಲ್ಲಿ ಒಂದು ವಿನಂತಿ. ಸೊನ್ನೆ ಮೊದಲೋ ಕೊನೆಗೋ ಎಂದು ಪಟ್ಟಿಯ ತಲೆಯ ಮೇಲೆ ಒಂದು ಸಾಲು ಬರೆಯಿರಿ, ಎಳನೀರನ್ನು ಎಸಳಿನ ಕೆಳಗಿಡಿ. ಅಷ್ಟು ಆಗದಿದ್ದರೆ 'ಅಕಾರಾದಿ' ಎಂಬ ದಪ್ಪಕ್ಷರವನ್ನಾದರೂ ಅಳಿಸಿಬಿಡಿ.